12×15ರ ಕೋಣೆಗೆ ಎಷ್ಟು ಬೋರ್ಡ್, ಎಷ್ಟು ಚಾನೆಲ್, ಎಷ್ಟು ಹ್ಯಾಂಗರ್?

ಮನೆಗೆ ಫಾಲ್ಸ್ ಸೀಲಿಂಗ್ ಮಾಡಿಸಲು ಹೊರಟವರ ಕೈಗೆ ಮೊದಲು ಸಿಗುವುದು ಒಂದೇ ಸಾಲಿನ ಕೊಟೇಷನ್. ಇಷ್ಟು ಚದರ ಅಡಿ, ಅಡಿಗೆ ಇಷ್ಟು ರೂಪಾಯಿ, ಒಟ್ಟು ಇಷ್ಟು. ಬೋರ್ಡ್ ಎಷ್ಟು, ಕಬ್ಬಿಣದ ಚಾನೆಲ್ ಎಷ್ಟು, ಮೋಲ್ಡಿನಿಂದ ಇಳಿಬಿಡುವ ಪಟ್ಟಿಗಳೆಷ್ಟು ಎಂಬುದು ಅದರಲ್ಲಿ ಇರುವುದಿಲ್ಲ. ಕೇಳಿದರೆ "ಅದೆಲ್ಲ ನಮ್ಮದೇ ಸಾರ್, ನೀವು ತಲೆ ಕೆಡಿಸಿಕೊಳ್ಳಬೇಡಿ" ಎಂಬ ಉತ್ತರ ಬರುತ್ತದೆ. ಆದರೆ ತಲೆ ಕೆಡಿಸಿಕೊಳ್ಳಬೇಕಾದದ್ದು ಅಲ್ಲಿಯೇ. ಕೆಲಸ ಮುಗಿದು ಬಣ್ಣ ಬಳಿದ ಮೇಲೆ ಕಣ್ಣಿಗೆ ಬೀಳುವುದು ಬೋರ್ಡಿನ ಒಂದು ಮುಖ ಮಾತ್ರ. ಅದನ್ನು ಹೊತ್ತ ಚೌಕಟ್ಟು ಮತ್ತೆಂದೂ ಕಾಣುವುದಿಲ್ಲ. ಹಣ ಉಳಿಸಬೇಕೆಂದುಕೊಂಡವರು ಉಳಿಸುವುದೂ ಕಾಣದ ಆ ಭಾಗದಲ್ಲೇ.

ಈ ಲೆಕ್ಕ ಕಷ್ಟದ್ದೇನಲ್ಲ. ಒಂದು ಹಾಳೆ, ಪೆನ್ಸಿಲ್, ಅಳತೆ ಟೇಪು ಇದ್ದರೆ ಅರ್ಧ ಗಂಟೆಯ ಕೆಲಸ. ಉದಾಹರಣೆಗೆ ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಅಗಲ 12 ಅಡಿ, ಉದ್ದ 15 ಅಡಿ. ಮೋಲ್ಡಿನ ಎತ್ತರ 10 ಅಡಿ. ನಡುವೆ ಒಂದು ಫ್ಯಾನು. ಸೀಲಿಂಗ್ ಸಪಾಟಾಗಿದ್ದರೆ ಸಾಕು, ಕೋವ್, ಮೆಟ್ಟಿಲು, ಹೂವಿನ ಆಕಾರ ಯಾವುದೂ ಬೇಡ.

ನಮ್ಮ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಜಿಪ್ಸಮ್ ಬೋರ್ಡ್ 4 ಅಡಿ ಅಗಲ, 6 ಅಡಿ ಉದ್ದ, ಹನ್ನೆರಡೂವರೆ ಮಿಲಿಮೀಟರ್ ದಪ್ಪ. ಎರಡು ಪದರ ಗಟ್ಟಿ ಕಾಗದದ ನಡುವೆ ಜಿಪ್ಸಮ್ ತುಂಬಿ ಒಣಗಿಸಿದ ಹಲಗೆ ಅದು. ಒಂದು ಬೋರ್ಡ್ ಸುಮಾರು 20 ಕೆ.ಜಿ. ತೂಗುತ್ತದೆ. ಉದ್ದದ ಎರಡು ಅಂಚುಗಳನ್ನು ಕೈಯಿಂದ ಸವರಿದರೆ ಅವು ನಡುಭಾಗಕ್ಕಿಂತ ಸ್ವಲ್ಪ ತೆಳ್ಳಗಿರುವುದು ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಬೇಕೆಂದೇ ಹಾಗೆ ಮಾಡಿರುತ್ತಾರೆ. ಎರಡು ಬೋರ್ಡ್ ಅಕ್ಕಪಕ್ಕ ಬಂದಾಗ ಅಲ್ಲಿ ಆಗುವ ಸಣ್ಣ ತಗ್ಗಿನಲ್ಲಿ ಟೇಪು ಮತ್ತು ಲೇಪ ಕೂತುಕೊಳ್ಳುತ್ತವೆ, ಹೊರಗೆ ಉಬ್ಬು ಕಾಣುವುದಿಲ್ಲ. 4 ಅಡಿಯ ಕಡೆಯ ಅಂಚುಗಳಿಗೆ ಈ ಇಳಿಜಾರು ಇರುವುದಿಲ್ಲ.

ಕೋಣೆ 180 ಚದರ ಅಡಿ, ಬೋರ್ಡ್ 24 ಚದರ ಅಡಿ. ಭಾಗಿಸಿದರೆ ಏಳೂವರೆ, ಅಂದರೆ 8 ಬೋರ್ಡ್. ಅನೇಕರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಉತ್ತರ ಈ ಕೋಣೆಗೆ ಸರಿಯಾಗಿಯೇ ಇದೆ, ಆದರೆ ಅದು ಈ ಕೋಣೆಯ ಪುಣ್ಯ. ವಿಸ್ತೀರ್ಣ ಭಾಗಿಸುವಾಗ ಬೋರ್ಡನ್ನು ಎಲ್ಲಿ ಬೇಕಾದರೂ ಕತ್ತರಿಸಿ, ಎಲ್ಲಿ ಬೇಕಾದರೂ ಜೋಡಿಸಬಹುದು ಎಂದು ಒಪ್ಪಿಕೊಂಡಂತೆ. ನಿಜದಲ್ಲಿ ಜೋಡಣೆಗೆ ನಿಯಮಗಳಿವೆ. ಬೋರ್ಡಿನ ಪ್ರತಿ ತುದಿಯೂ ಒಂದು ಕಬ್ಬಿಣದ ಸೆಕ್ಷನ್ ಮೇಲೆಯೇ ಮುಗಿಯಬೇಕು, ಗಾಳಿಯಲ್ಲಿ ನಿಲ್ಲಬಾರದು. ಒಂದು ಸಾಲಿನ ತುದಿ ಸಂದು ಮುಂದಿನ ಸಾಲಿನ ಸಂದಿಗೆ ಎದುರಾಗಬಾರದು. ನಾಲ್ಕು ಬೋರ್ಡಿನ ಮೂಲೆಗಳು ಒಂದೇ ಕಡೆ ಸೇರಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಇನ್ನು ಹಾಳೆಯ ಮೇಲೆ ಕೋಣೆಯನ್ನು ಬರೆಯೋಣ. ಬೋರ್ಡಿನ 6 ಅಡಿಯ ಉದ್ದ ಕೋಣೆಯ 15 ಅಡಿಯ ದಿಕ್ಕಿಗೆ ಇರಲಿ. 12 ಅಡಿ ಅಗಲಕ್ಕೆ 4 ಅಡಿಯ ಮೂರು ಸಾಲು ಸರಿಯಾಗಿ ಹೊಂದುತ್ತವೆ. ಮೊದಲ ಸಾಲಿನಲ್ಲಿ ಒಂದು ಪೂರ್ಣ ಬೋರ್ಡ್, ಇನ್ನೊಂದು ಪೂರ್ಣ, ಕೊನೆಗೆ 3 ಅಡಿಯ ಅರ್ಧ ಬೋರ್ಡ್. ಆ ಅರ್ಧ ಕತ್ತರಿಸಿದಾಗ ಉಳಿದ ಇನ್ನರ್ಧದಿಂದ ಎರಡನೇ ಸಾಲು ಶುರುವಾಗಲಿ, ಆಮೇಲೆ ಎರಡು ಪೂರ್ಣ. ಮೂರನೇ ಸಾಲು ಮತ್ತೆ ಮೊದಲನೆಯದರಂತೆ. ಹೀಗೆ ಮಾಡಿದರೆ ಮೊದಲ ಮತ್ತು ಮೂರನೇ ಸಾಲಿನ ಸಂದುಗಳು ಗೋಡೆಯಿಂದ 6 ಮತ್ತು 12 ಅಡಿಗೆ ಬರುತ್ತವೆ, ನಡುವಿನ ಸಾಲಿನವು 3 ಮತ್ತು 9 ಅಡಿಗೆ. ಯಾವುದೂ ಯಾವುದಕ್ಕೂ ಎದುರಿಲ್ಲ. ಏಳೂವರೆ ಬೋರ್ಡ್ ಖರ್ಚಾಗಿ 3×4 ಅಡಿಯ ಒಂದು ಒಳ್ಳೆಯ ತುಂಡು ಉಳಿಯುತ್ತದೆ.

ಕೋಣೆ 15 ಅಡಿಯ ಬದಲು 15 ಅಡಿ 1 ಇಂಚು ಇದ್ದರೆ? ಆಗ ಪ್ರತಿ ಸಾಲಿನ ತುಂಡೂ 3 ಅಡಿ 1 ಇಂಚು ಆಗಬೇಕು. ಒಂದು ಬೋರ್ಡಿನಿಂದ ಅಂಥ ತುಂಡು ಒಂದೇ ಬರುತ್ತದೆ, ಮಿಕ್ಕದ್ದು ಒಂದು ಇಂಚು ಸಾಲದೆ ಮೂಲೆಗೆ ಹೋಗುತ್ತದೆ. ಎಂಟಿದ್ದದ್ದು 9 ಬೋರ್ಡ್ ಆಯಿತು. ವಿಸ್ತೀರ್ಣ ಹೆಚ್ಚಿದ್ದು ಒಂದೇ ಚದರ ಅಡಿ, ಸಾಮಾನು ಹೆಚ್ಚಿದ್ದು ಒಂದು ಇಡೀ ಬೋರ್ಡ್. ಆದ್ದರಿಂದ ಅಳತೆಯನ್ನು ಮನೆಯ ಪ್ಲಾನಿನಿಂದ ತೆಗೆದುಕೊಳ್ಳಬಾರದು, ಗಾರೆ ಮುಗಿದ ಗೋಡೆಯಿಂದ ಗೋಡೆಗೆ, ಸೀಲಿಂಗ್ ಬರುವ ಎತ್ತರದಲ್ಲೇ ಟೇಪು ಹಿಡಿಯಬೇಕು. ಎರಡೂ ತುದಿಗಳಲ್ಲಿ ಅಳೆದು ದೊಡ್ಡದನ್ನು ಬರೆದುಕೊಳ್ಳುವುದು ಕ್ಷೇಮ. ಪೂರ್ತಿ ಚೌಕವಾದ ಕೋಣೆ ಸಿಗುವುದು ಅಪರೂಪ.

ವಿಸ್ತೀರ್ಣದ ಲೆಕ್ಕ ನೇರವಾಗಿ ಕೈಕೊಡುವ ಕೋಣೆಯೊಂದನ್ನೂ ನೋಡಬಹುದು. 11×13 ಅಡಿಯ ಕೋಣೆ 143 ಚದರ ಅಡಿ, 24ರಿಂದ ಭಾಗಿಸಿದರೆ ಆರಕ್ಕೂ ಸ್ವಲ್ಪ ಕಡಿಮೆ. ಆದರೆ 4 ಅಡಿಯ ಮೂರು ಸಾಲು ಹಾಕಿದ ಮೇಲೆ 1 ಅಡಿ ಅಗಲದ ಸೀಳೊಂದು ಗೋಡೆಯ ಬದಿಯಲ್ಲಿ ಖಾಲಿ ಉಳಿಯುತ್ತದೆ. ಅದಕ್ಕಾಗಿ ಇನ್ನೊಂದು ಬೋರ್ಡನ್ನು ಉದ್ದಕ್ಕೆ ಸೀಳಲೇಬೇಕು. ಆರು ಎಂದು ತಂದವರು ಏಳನೆಯದಕ್ಕೆ ಮತ್ತೆ ಅಂಗಡಿಗೆ ಓಡುತ್ತಾರೆ, ಇಲ್ಲವೇ ಉಳಿದ ಚೂರುಪಾರುಗಳನ್ನೇ ಜೋಡಿಸಿ ಸಂದುಗಳ ಸಂತೆ ಮಾಡುತ್ತಾರೆ.

ಬೋರ್ಡಿನ ಲೆಕ್ಕ ಮುಗಿಯಿತು. ಈಗ ಅದನ್ನು ಹೊರುವ ಚೌಕಟ್ಟು. ಹೆಸರುಗಳು ಗೊಂದಲ ಹುಟ್ಟಿಸಿದರೂ ವ್ಯವಸ್ಥೆ ಹಳೆಯ ಹೆಂಚಿನ ಮನೆಯ ಮಾಡಿನಂತೆಯೇ ಇದೆ: ಮೇಲೆ ದೂರದೂರಕ್ಕೆ ತೊಲೆ, ಅದಕ್ಕೆ ಅಡ್ಡಲಾಗಿ ಒತ್ತೊತ್ತಾಗಿ ರೀಪು. ತೊಲೆಯ ಕೆಲಸ ಮಾಡುವುದು ಇಂಟರ್‌ಮೀಡಿಯೆಟ್ ಚಾನೆಲ್, ಸುಮಾರು 45 ಮಿ.ಮೀ. ಎತ್ತರದ ಗಟ್ಟಿ ಪಟ್ಟಿ. ರೀಪಿನ ಕೆಲಸ ಮಾಡುವುದು ಸೀಲಿಂಗ್ ಸೆಕ್ಷನ್, ಬೋರ್ಡಿನ ಸ್ಕ್ರೂ ಕೂರುವುದು ಇದಕ್ಕೇ. ಗೋಡೆಯ ಸುತ್ತ ಓಡುವುದು ಪೆರಿಮೀಟರ್ ಚಾನೆಲ್, ಸೆಕ್ಷನ್‌ಗಳ ತುದಿಗಳು ಇದರೊಳಗೆ ಕೂರುತ್ತವೆ. ಎಲ್ಲವೂ ಸತು ಲೇಪಿಸಿದ ತಗಡಿನವು, ಸಾಮಾನ್ಯವಾಗಿ 12 ಅಡಿಯ ಉದ್ದದಲ್ಲಿ ಸಿಗುತ್ತವೆ.

ಈ ಇಡೀ ಕೆಲಸದಲ್ಲಿ ನೆನಪಿಡಬೇಕಾದ ಅಳತೆ ಒಂದೇ ಎಂದರೆ ಅದು 18 ಇಂಚು. ಒಂದು ಸೆಕ್ಷನ್‌ನಿಂದ ಇನ್ನೊಂದಕ್ಕೆ ಇರಬೇಕಾದ ಅಂತರ ಅದು. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆ ಹೇಳುವುದೂ ಅದನ್ನೇ, 450 ಮಿಲಿಮೀಟರ್. ಬೋರ್ಡಿನ ಉದ್ದ 72 ಇಂಚು, ಅಂದರೆ ಸರಿಯಾಗಿ 18ರ ನಾಲ್ಕು ಪಟ್ಟು. ಅರ್ಧ ಬೋರ್ಡ್ 36 ಇಂಚು, 18ರ ಎರಡು ಪಟ್ಟು. ಹಾಗಾಗಿ ಪೂರ್ಣ ಬೋರ್ಡೂ ಅರ್ಧ ಬೋರ್ಡೂ ತಪ್ಪದೆ ಒಂದು ಸೆಕ್ಷನ್ ಮೇಲೆ ಬಂದು ಮುಗಿಯುತ್ತವೆ. ಸೆಕ್ಷನ್‌ಗಳು ಬೋರ್ಡಿನ ಉದ್ದಕ್ಕೆ ಅಡ್ಡಲಾಗಿ ಓಡಬೇಕು, ಏಕೆಂದರೆ ಬೋರ್ಡ್ ತನ್ನ ಉದ್ದದ ದಿಕ್ಕಿನಲ್ಲಿಯೇ ಹೆಚ್ಚು ಗಟ್ಟಿ. ನಮ್ಮ ಕೋಣೆಯಲ್ಲಿ ಬೋರ್ಡ್ 15 ಅಡಿಯ ದಿಕ್ಕಿಗೆ ಮಲಗಿದೆ, ಆದ್ದರಿಂದ ಸೆಕ್ಷನ್ 12 ಅಡಿಯ ದಿಕ್ಕಿಗೆ. 12 ಅಡಿಯ ಒಂದು ಸೆಕ್ಷನ್ ಜೋಡಣೆಯೇ ಇಲ್ಲದೆ ಗೋಡೆಯಿಂದ ಗೋಡೆಗೆ ಹೊಂದುತ್ತದೆ. 15 ಅಡಿ ಎಂದರೆ 180 ಇಂಚು, 18 ಇಂಚಿನ 10 ಭಾಗ, ನಡುವೆ 9 ಸೆಕ್ಷನ್. ಎರಡು ತುದಿಯಲ್ಲಿ ಪೆರಿಮೀಟರ್ ಚಾನೆಲ್ ಹೇಗೂ ಇದೆ.

ಕೆಲವರು ಸದ್ದಿಲ್ಲದೆ ಇದನ್ನು 24 ಇಂಚು ಮಾಡುತ್ತಾರೆ. ಆಗ 9ರ ಬದಲು 7 ಸೆಕ್ಷನ್ ಸಾಕು, ಕ್ಲಿಪ್ಪು, ಸ್ಕ್ರೂ, ಸಮಯ ಎಲ್ಲವೂ ಉಳಿತಾಯ. ಪೂರ್ಣ ಬೋರ್ಡ್ 72 ಇಂಚು 24ರ ಮೂರು ಪಟ್ಟು, ಹಾಗಾಗಿ ಅದರ ತುದಿ ಆಗಲೂ ಸೆಕ್ಷನ್ ಮೇಲೆಯೇ ಕೂರುತ್ತದೆ, ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ತೊಂದರೆ ಇರುವುದು ಅರ್ಧ ಬೋರ್ಡಿನಲ್ಲಿ. ಅದರ ತುದಿ 36 ಇಂಚಿಗೆ ಬರುತ್ತದೆ, ಸೆಕ್ಷನ್‌ಗಳು 24 ಮತ್ತು 48ರಲ್ಲಿವೆ, ಸಂದು ನಡುಗಾಳಿಯಲ್ಲಿ ನಿಂತಿತು. ಇದರಿಂದ ಪಾರಾಗಲು ಸುಲಭದ ದಾರಿ ಹಿಡಿದರೆ ಮೂರೂ ಸಾಲನ್ನು ಪೂರ್ಣ ಬೋರ್ಡಿನಿಂದಲೇ ಶುರು ಮಾಡುತ್ತಾರೆ, ಎಲ್ಲ ಸಂದುಗಳು 6 ಮತ್ತು 12 ಅಡಿಯಲ್ಲಿ ಒಂದೇ ಗೆರೆಗೆ ಬಂದು ನಿಲ್ಲುತ್ತವೆ. ಮುಂದೆ ಬಿರುಕು ಬಿಟ್ಟರೆ ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನೂಲು ಹಿಡಿದಂತೆ ಉದ್ದಕ್ಕೂ ಬಿಡುತ್ತದೆ. ಜತೆಗೆ, ಮಳೆಗಾಲದ ತೇವ ಕುಡಿದ ಬೋರ್ಡ್ ಅಗಲವಾದ ಅಂತರದಲ್ಲಿ ನಿಧಾನವಾಗಿ ಜೋಲುವ ಅಪಾಯವೂ ಹೆಚ್ಚು. ಮಲೆನಾಡು, ಕರಾವಳಿಯ ಮನೆಗಳವರು ಈ 18 ಇಂಚಿನ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬಾರದು.

ನಮ್ಮ ನಕ್ಷೆಯಲ್ಲಿ ಇನ್ನೊಂದು ತೊಡಕು ಅಡಗಿದೆ. ಫ್ಯಾನು ಕೋಣೆಯ ನಟ್ಟನಡುವೆ, ಅಂದರೆ ಉದ್ದದ ದಿಕ್ಕಿನಲ್ಲಿ 90 ಇಂಚಿಗೆ ಬರುತ್ತದೆ. 18ರ ಐದು ಪಟ್ಟು 90. ಐದನೇ ಸೆಕ್ಷನ್ ಹೋಗುವುದೂ ಸರಿಯಾಗಿ ಅಲ್ಲಿಯೇ! ಕೆಲಸ ನಡೆಯುವಾಗ ಇದು ಗೊತ್ತಾದರೆ ಸಾಮಾನ್ಯವಾಗಿ ಆಗುವುದೇನೆಂದರೆ, ಕಟರ್ ಹಿಡಿದು ಸೆಕ್ಷನ್ ಅನ್ನು ನಡುವೆ ಕತ್ತರಿಸಿ ಫ್ಯಾನಿನ ರಾಡಿಗೆ ದಾರಿ ಮಾಡುತ್ತಾರೆ. ಕತ್ತರಿಸಿದ ಎರಡು ತುದಿಗಳು ಆಧಾರವಿಲ್ಲದೆ ನೇತಾಡುತ್ತವೆ, ಫ್ಯಾನಿನ ಸುತ್ತಲೇ ಸೀಲಿಂಗ್ ಬಲ ಕಳೆದುಕೊಳ್ಳುತ್ತದೆ.

ಹಾಳೆಯ ಮೇಲೆ ಮೊದಲೇ ನೋಡಿದ್ದರೆ ಪರಿಹಾರ ಅಗ್ಗ. ಬೋರ್ಡಿನ ಸಂದುಗಳು ಬರುವುದು 36, 72, 108, 144 ಇಂಚುಗಳಲ್ಲಿ. 90ರ ಮೇಲೆ ಯಾವ ಸಂದೂ ಇಲ್ಲ. ಅಂದರೆ ಆ ಒಂದು ಸೆಕ್ಷನ್ ಅಲ್ಲಿಯೇ ಇರಬೇಕೆಂಬ ಕಡ್ಡಾಯವಿಲ್ಲ. ಅದನ್ನು ತೆಗೆದು 84ಕ್ಕೆ ಒಂದು, 96ಕ್ಕೆ ಒಂದು ಹಾಕಿದರೆ ಫ್ಯಾನಿನ ರಾಡ್ ಎರಡರ ನಡುವೆ ಆರಾಮವಾಗಿ ಇಳಿಯುತ್ತದೆ. ಆ ಜಾಗದಲ್ಲಿ ಚೌಕಟ್ಟು ಇನ್ನಷ್ಟು ಗಟ್ಟಿಯೂ ಆಗುತ್ತದೆ. ಖರ್ಚು ಒಂದು ಸೆಕ್ಷನ್ ಹೆಚ್ಚು. ಹಾಗಾಗಿ ನಮ್ಮ ಲೆಕ್ಕ 10 ಸೆಕ್ಷನ್. ಫ್ಯಾನಿನ ಭಾರ ಮಾತ್ರ ಮೋಲ್ಡಿನ ಕೊಕ್ಕೆಯ ಮೇಲೆಯೇ ಇರಬೇಕು, ಫಾಲ್ಸ್ ಸೀಲಿಂಗ್‌ಗೆ ಅದರ ಸೋಂಕೂ ತಾಗಬಾರದು.

ದೀಪಗಳಿಗೂ ಇದೇ ಮಾತು. "ಗೋಡೆಯಿಂದ 3 ಅಡಿಗೆ ಲೈಟು" ಎಂದು ಹೇಳುವುದು ಸುಲಭ. ಆದರೆ 3 ಅಡಿ ಎಂದರೆ 36 ಇಂಚು, ಎರಡನೇ ಸೆಕ್ಷನ್ ಇರುವ ಜಾಗ. ನಡುವಿನ ಸಾಲಿನ ಸಂದು ಬರುವುದೂ ಅಲ್ಲೇ. ಅದನ್ನು 27 ಇಂಚಿಗೆ ಸರಿಸಿದರೆ ಎರಡು ಸೆಕ್ಷನ್‌ಗಳ ನಡುಮಧ್ಯ ಸಿಗುತ್ತದೆ. ಎಲೆಕ್ಟ್ರಿಷಿಯನ್ ಮತ್ತು ಸೀಲಿಂಗಿನವರು ಒಂದೇ ನಕ್ಷೆ ನೋಡಿ ಕೆಲಸ ಮಾಡಿದರೆ ಇಂಥವು ಹುಟ್ಟುವುದೇ ಇಲ್ಲ.

ಸೆಕ್ಷನ್‌ಗಳನ್ನು ಹೊರುವ ಇಂಟರ್‌ಮೀಡಿಯೆಟ್ ಚಾನೆಲ್ 4 ಅಡಿಗೊಂದು ಬೇಕು. 12 ಅಡಿ ಅಗಲದ ಕೋಣೆಯಲ್ಲಿ ಗೋಡೆಯಿಂದ 4 ಅಡಿಗೆ ಒಂದು ಸಾಲು, 8 ಅಡಿಗೆ ಇನ್ನೊಂದು. ಫ್ಯಾನಿರುವುದು 6 ಅಡಿಯಲ್ಲಿ, ಇಲ್ಲಿ ಅಡ್ಡಿ ಇಲ್ಲ. ಪ್ರತಿ ಸಾಲು 15 ಅಡಿ, ಚಾನೆಲ್ 12 ಅಡಿ. ಆರು ಇಂಚು ಒಂದರೊಳಗೊಂದು ಸೇರಿಸಿ ಜೋಡಿಸಿದರೆ ಎರಡು ಸಾಲಿಗೆ 3 ಉದ್ದ ಸಾಕು. ಸೆಕ್ಷನ್ ಮತ್ತು ಚಾನೆಲ್ ಒಂದನ್ನೊಂದು ದಾಟುವ ಪ್ರತಿ ಜಾಗದಲ್ಲೂ ತಂತಿಯ ಕನೆಕ್ಟಿಂಗ್ ಕ್ಲಿಪ್ ಬೇಕು. 10 ಸೆಕ್ಷನ್, 2 ಸಾಲು, ಒಟ್ಟು 20 ಕ್ಲಿಪ್. ಪೆರಿಮೀಟರ್ ಚಾನೆಲ್ ಕೋಣೆಯ ಸುತ್ತಳತೆಯಷ್ಟು, 54 ಅಡಿ, ಅಂದರೆ 5 ಉದ್ದ. ಅದನ್ನು ಗೋಡೆಗೆ ಸುಮಾರು 2 ಅಡಿಗೊಂದು ಸ್ಕ್ರೂ ಹಾಕಿ ಬಿಗಿಯಬೇಕು. ಗಾರೆ ಸಡಿಲವಾಗಿರುವ ಹಳೆಯ ಗೋಡೆಯಾದರೆ ಇಂಟರ್‌ಮೀಡಿಯೆಟ್ ಚಾನೆಲ್ ಇನ್ನೊಂದು ಸಾಲು ಹೆಚ್ಚು ಹಾಕಿಸುವುದು ಲೇಸು. ಗೋಡೆಯ ಸ್ಕ್ರೂ ಎಳೆದು ಬಂದರೂ ಆಗ ಸೀಲಿಂಗ್ ನಿಲ್ಲುತ್ತದೆ.

ಇನ್ನು ಎಲ್ಲವನ್ನೂ ಮೋಲ್ಡಿಗೆ ತೂಗುಹಾಕುವ ಹ್ಯಾಂಗರ್. ಆಫೀಸು, ಷೋರೂಮುಗಳಂಥ ದೊಡ್ಡ ಜಾಗಗಳಲ್ಲಿ ಮರೆ ಕೊರೆದ ಕಬ್ಬಿಣದ ರಾಡ್ ಇಳಿಬಿಟ್ಟು, ನಟ್ಟು ತಿರುಗಿಸಿ ಮಟ್ಟ ಸರಿ ಮಾಡಿಕೊಳ್ಳುತ್ತಾರೆ. ಮನೆಗಳಲ್ಲಿ ರಾಡಿನ ಬದಲು ಎಲ್ ಆಕಾರದ ತೆಳು ಪಟ್ಟಿ ಹೆಚ್ಚು ಬಳಕೆಯಲ್ಲಿದೆ. ಮೋಲ್ಡಿಗೆ ರಂಧ್ರ ಕೊರೆದು ಡ್ಯಾಶ್ ಫಾಸ್ಟನರ್ ಹಾಕಿ, ಅದರ ಜತೆ ಒಂದು ಸಣ್ಣ ಮೂಲೆಪಟ್ಟಿಯನ್ನು ಬಿಗಿದು, ಆ ಮೂಲೆಪಟ್ಟಿಗೆ ಎಲ್ ಪಟ್ಟಿಯನ್ನು ಬೋಲ್ಟ್ ಮಾಡುತ್ತಾರೆ. ಪಟ್ಟಿಯ ಕೆಳತುದಿ ಇಂಟರ್‌ಮೀಡಿಯೆಟ್ ಚಾನೆಲ್‌ಗೆ ಸ್ಕ್ರೂ ಆಗುತ್ತದೆ. ರಾಡಿರಲಿ ಪಟ್ಟಿಯಿರಲಿ, ಅಂತರ 4 ಅಡಿ ಮೀರಬಾರದು. ನಮ್ಮ 15 ಅಡಿಯ ಸಾಲಿನಲ್ಲಿ ಮೊದಲ ಹ್ಯಾಂಗರ್ ಗೋಡೆಯಿಂದ ಒಂದೂವರೆ ಅಡಿಗೆ ಬಂದರೆ ಮುಂದಿನವು ಐದೂವರೆ, ಒಂಬತ್ತೂವರೆ, ಹದಿಮೂರೂವರೆ ಅಡಿಗೆ ಬರುತ್ತವೆ. ಸಾಲಿಗೆ 4, ಎರಡು ಸಾಲಿಗೆ 8 ಹ್ಯಾಂಗರ್, 8 ಫಾಸ್ಟನರ್.

ಎಂಟು ಸಾಕೇ ಎಂಬ ಅನುಮಾನ ಸಹಜ. ತೂಕ ಹಾಕಿ ನೋಡಬಹುದು. ಏಳೂವರೆ ಬೋರ್ಡ್ 150 ಕೆ.ಜಿ., ಚೌಕಟ್ಟು ಸುಮಾರು 30 ಕೆ.ಜಿ., ಒಟ್ಟು 180. ಗೋಡೆ ಏನೂ ಹೊರುವುದಿಲ್ಲ ಎಂದುಕೊಂಡರೂ ಒಂದು ಹ್ಯಾಂಗರಿಗೆ 22-23 ಕೆ.ಜಿ. ಗಟ್ಟಿ ಕಾಂಕ್ರೀಟಿನಲ್ಲಿ ಸರಿಯಾಗಿ ಕೂತ ಫಾಸ್ಟನರ್‌ಗೆ ಇದು ಏನೇನೂ ಅಲ್ಲ. ಆದರೆ ಡ್ರಿಲ್ ಮಾಡುವಾಗ ಕಂಬಿ ಅಡ್ಡ ಬಂತೆಂದು ಅರ್ಧ ಆಳಕ್ಕೆ ನಿಲ್ಲಿಸಿದ ರಂಧ್ರ, ಫಾಸ್ಟನರ್ ಬದಲು ಮರದ ಗೂಟ ಬಡಿದು ಹೊಡೆದ ಮೊಳೆ, ಇವುಗಳಿಗೆ ಇದೇ ತೂಕ ದೊಡ್ಡದು. ಒಂದು ಹ್ಯಾಂಗರ್ ಬಿಟ್ಟರೆ ಅದರ ಪಾಲು ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ. 4 ಅಡಿ ಇದ್ದ ಅಂತರ 8 ಅಡಿಯಾಗಿ ಚಾನೆಲ್ ಬಾಗುತ್ತದೆ. ಪಟ್ಟಿ ಬಿಗಿದ ಮೇಲೆ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಬಲವಾಗಿ ಕೆಳಗೆ ಎಳೆದು ನೋಡಬೇಕು. ಒಂದು ಕೂದಲೆಳೆಯಷ್ಟು ಸರಿದರೂ ಅದು ಲೆಕ್ಕಕ್ಕಿಲ್ಲ, ಪಕ್ಕದಲ್ಲಿ ಬೇರೆ ರಂಧ್ರ ಕೊರೆಯಬೇಕು. ಕೊರೆಯುವ ಮೊದಲು ಮೋಲ್ಡಿನೊಳಗೆ ಕರೆಂಟಿನ ಪೈಪು ಎಲ್ಲಿ ಹೋಗಿದೆ ಎಂದು ತಿಳಿದಿರಬೇಕು. ಅದು ಸಾಮಾನ್ಯವಾಗಿ ಫ್ಯಾನಿನ ಡಬ್ಬಿಯಿಂದ ಸ್ವಿಚ್ ಬೋರ್ಡಿನ ಕಡೆಗೆ ಹೋಗಿರುತ್ತದೆ.

ಸೀಲಿಂಗ್ ಎಷ್ಟು ಕೆಳಗೆ ಇಳಿಯಬೇಕು? ಚಾನೆಲ್, ಸೆಕ್ಷನ್, ಬೋರ್ಡ್ ಮೂರನ್ನೂ ಒಂದರ ಕೆಳಗೊಂದು ಇಟ್ಟರೆ ಸುಮಾರು 84 ಮಿ.ಮೀ., ಮೂರೂಕಾಲು ಇಂಚು. ಕೈಯಾಡಲು, ವೈರು ಎಳೆಯಲು, ಲೈಟಿನ ಹಿಂಭಾಗ ಕೂರಲು ಜಾಗ ಬೇಕಲ್ಲ. 9 ಇಂಚು ಬಿಟ್ಟರೆ ಎಲ್ಲಕ್ಕೂ ಸಾಕು, ಕೋಣೆಯ ಎತ್ತರ 9 ಅಡಿ 3 ಇಂಚು ಉಳಿಯುತ್ತದೆ. ಈ 9 ಇಂಚನ್ನು ಮೋಲ್ಡ್ ಅತಿ ಕೆಳಗಿರುವ ಜಾಗದಿಂದ ಅಳೆಯಬೇಕು, ಏಕೆಂದರೆ ಮೋಲ್ಡ್ ಎಲ್ಲ ಕಡೆ ಒಂದೇ ಮಟ್ಟದಲ್ಲಿ ಇರುವುದು ಅಪರೂಪ. ಅಲ್ಲಿಂದ ನೀರಿನ ಲೆವೆಲ್ ಟ್ಯೂಬ್ ಅಥವಾ ಲೇಸರ್ ಹಿಡಿದು ನಾಲ್ಕು ಗೋಡೆಗೂ ಗೆರೆ ಹಾಕುತ್ತಾರೆ. ಫ್ಯಾನಿಗೆ ಅಷ್ಟೇ ಉದ್ದದ ಹೆಚ್ಚಿನ ರಾಡ್ ಬೇಕು ಎಂಬುದನ್ನು ಇದೇ ಹಂತದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸಂಖ್ಯೆ ಸರಿಯಿದ್ದರೂ ತಗಡಿನ ದಪ್ಪದಲ್ಲಿ ಮೋಸ ಹೋಗುವ ಸಾಧ್ಯತೆ ಉಂಟು. ಸೆಕ್ಷನ್‌ನ ತಗಡು ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ತುಸು ಹೆಚ್ಚು, 0.55ರವರೆಗೆ ಇರುತ್ತದೆ. ಇಂಟರ್‌ಮೀಡಿಯೆಟ್ ಚಾನೆಲ್‌ನದು 0.9 ಮಿ.ಮೀ. ಆದರೆ ಅಂಗಡಿಯಲ್ಲಿ ಅದೇ ಆಕಾರದ, ಅದೇ ಹೊಳಪಿನ, ಇನ್ನೂ ತೆಳುವಾದ ತಗಡಿನ ಮಾಲೂ ಸಿಗುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುತ್ತದೆ. 0.55ರ ತಗಡಿನ 12 ಅಡಿ ಸೆಕ್ಷನ್ ಸುಮಾರು 2 ಕೆ.ಜಿ. ಬಂದರೆ, 0.4ರದ್ದು ಒಂದೂವರೆಯ ಆಸುಪಾಸು. ಮನೆಗೆ ಬಂದ ಕಟ್ಟಿನಿಂದ ಒಂದನ್ನು ತೂಗಿ ನೋಡಲು ಐದು ನಿಮಿಷ ಸಾಕು. ತೆಳು ತಗಡಿನ ಇನ್ನೊಂದು ಗುಣವೆಂದರೆ ಸ್ಕ್ರೂ ಅದರಲ್ಲಿ ಬಿಗಿ ಹಿಡಿಯದೆ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಹಾಗೆ ತಿರುಗಿದ ಸ್ಕ್ರೂ ಬೋರ್ಡನ್ನು ಹಿಡಿದಿಲ್ಲವೆಂದೇ ಅರ್ಥ.

ಸ್ಕ್ರೂಗಳ ಅಂತರ 9 ಇಂಚು, ಉದ್ದ 25 ಮಿ.ಮೀ. ನಮ್ಮ ಕೋಣೆಗೆ ಎಲ್ಲ ಸೇರಿ ಸುಮಾರು 300 ಸ್ಕ್ರೂ ಬೇಕು. ಒಂದು ಸ್ಕ್ರೂವನ್ನು ಹತ್ತಿರದಿಂದ ನೋಡಿದರೆ ಕೆಲಸದವರ ಕೈ ಎಂಥದ್ದೆಂದು ಗೊತ್ತಾಗುತ್ತದೆ. ತಲೆ ಕಾಗದದ ಮಟ್ಟಕ್ಕಿಂತ ಒಂದಿಷ್ಟೇ ಒಳಗಿರಬೇಕು, ಸುತ್ತ ಕಾಗದ ಕುಳಿ ಬಿದ್ದಿರಬೇಕು, ಹರಿದಿರಬಾರದು. ಬೋರ್ಡಿನ ಬಲವೆಲ್ಲ ಆ ಕಾಗದದಲ್ಲಿದೆ. ಡ್ರಿಲ್ ಜೋರಾಗಿ ಒತ್ತಿ ಕಾಗದ ಹರಿದರೆ ಸ್ಕ್ರೂ ನಿಂತಿರುವುದು ಒಳಗಿನ ಬಿಳಿ ಪುಡಿಯ ಮೇಲೆ ಮಾತ್ರ. ಅದನ್ನು ತೆಗೆಯದೆ ಒಂದೆರಡು ಇಂಚು ಪಕ್ಕಕ್ಕೆ ಇನ್ನೊಂದು ಹಾಕಬೇಕು.

ಆಮೇಲೆ ಸಂದು ತುಂಬುವುದು. ಉದ್ದದ ಸಂದುಗಳು ಎರಡು, 30 ಅಡಿ. ತುದಿ ಸಂದುಗಳು ಆರು, 24 ಅಡಿ. ಒಟ್ಟು 54 ಅಡಿ ಟೇಪು, ಗೋಡೆಯಂಚಿಗೆ ಇನ್ನೊಂದು 54. ಸಂದಿಗೆ ಜಾಯಿಂಟಿಂಗ್ ಕಾಂಪೌಂಡ್ ತುಂಬಿ, ಟೇಪು ಒತ್ತಿ, ಮೇಲೆ ಮತ್ತೆ ಕಾಂಪೌಂಡ್ ಎಳೆದು, ಒಣಗಿದ ಮೇಲೆ ಇನ್ನೂ ಅಗಲವಾಗಿ ಕೊನೆಯ ಕೈ. ನಡುವೆ ಒಣಗಲು ಬಿಡಬೇಕಾದ ಸಮಯವೇ ಇಲ್ಲಿ ಹೆಚ್ಚಾಗಿ ಕಳುವಾಗುವುದು. ಎಷ್ಟೋ ಕಡೆ ಟೇಪನ್ನೇ ಬಿಟ್ಟು, ಕಾಂಪೌಂಡ್ ಬದಲು ಪಿಒಪಿ ಮೆತ್ತಿ ಒಂದೇ ದಿನದಲ್ಲಿ ಮುಗಿಸುತ್ತಾರೆ. ಪಿಒಪಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬೋರ್ಡ್ ಚೂರು ಅಲುಗಾಡಿದರೂ ಬಗ್ಗದೆ ಸೀಳುತ್ತದೆ. ಹೊಸ ಸೀಲಿಂಗಿನಲ್ಲಿ ನೇರವಾದ ಗೆರೆಯಂಥ ಬಿರುಕು ಕಂಡರೆ ಮೊದಲು ಕೇಳಬೇಕಾದ್ದು ಸಂದಿನಲ್ಲಿ ಟೇಪು ಇದೆಯೇ ಎಂದು.

ಕೆಲಸ ಪೂರ್ತಿ ಮುಗಿದ ಮೇಲೂ ಪರೀಕ್ಷಿಸುವ ದಾರಿ ಒಂದಿದೆ. ಬಟ್ಟೆ ಸುತ್ತಿದ ಸಣ್ಣ, ಶಕ್ತಿಯುತ ಆಯಸ್ಕಾಂತವನ್ನು ಸೀಲಿಂಗಿಗೆ ಒತ್ತಿ ನಿಧಾನವಾಗಿ ಎಳೆದರೆ, ಪುಟ್ಟಿಯ ಅಡಿಯಲ್ಲಿರುವ ಪ್ರತಿ ಸ್ಕ್ರೂವಿನ ತಲೆಗೂ ಅದು ಅಂಟಿಕೊಳ್ಳುತ್ತದೆ. ಸ್ಕ್ರೂಗಳ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಟೇಪು ಹಿಡಿದರೆ 18 ಇಂಚೋ 24 ಇಂಚೋ ತಿಳಿದುಹೋಗುತ್ತದೆ. ಕೊನೆಯ ಕಂತಿನ ಹಣ ಕೊಡುವ ಮೊದಲು ಇದನ್ನು ಮಾಡುವುದು ಒಳ್ಳೆಯದು. ಬೋರ್ಡ್ ಹೊಡೆಯುವ ಮುನ್ನ ಬರಿಯ ಚೌಕಟ್ಟಿನ ಫೋಟೊ ತೆಗೆದಿಟ್ಟುಕೊಳ್ಳುವುದು ಅದಕ್ಕಿಂತ ಒಳ್ಳೆಯದು, ಗೋಡೆಗೆ ಟೇಪು ಹಿಡಿದು ಅಳತೆ ಕಾಣುವಂತೆ.

ಜಿಪ್ಸಮ್ ಬೋರ್ಡಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ನೀರೇ, ಹರಳಿನೊಳಗೆ ಬಂಧಿಯಾದ ನೀರು. ಬೆಂಕಿ ತಗುಲಿದಾಗ ಆ ನೀರು ಆವಿಯಾಗಿ ಹೋಗುವವರೆಗೂ ಬೋರ್ಡಿನ ಹಿಂಭಾಗ ಅಷ್ಟಾಗಿ ಕಾಯುವುದಿಲ್ಲ, ಇದು ಅದರ ದೊಡ್ಡ ಗುಣ. ಹೊರಗಿನಿಂದ ಬರುವ ನೀರನ್ನು ಮಾತ್ರ ಅದು ತಾಳದು. ಮೇಲಿನ ಮೋಲ್ಡ್ ಸೋರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ ಒಂದು ಮಳೆಗಾಲ ನೋಡಿಯೇ ಸೀಲಿಂಗ್‌ಗೆ ಕೈ ಹಾಕಬೇಕು. ಸೋರಿಕೆಯನ್ನು ಮುಚ್ಚಲು ಫಾಲ್ಸ್ ಸೀಲಿಂಗ್ ಮಾಡಿಸಿದವರಿಗೆ ಕಂದು ಬಣ್ಣದ ಕಲೆ ಕೆಳಗೆ ಇಳಿಯುವ ಹೊತ್ತಿಗೆ ಮೇಲೆ ಬೋರ್ಡ್ ಮೆತ್ತಗಾಗಿರುತ್ತದೆ. ಬಚ್ಚಲುಮನೆಗೆ ತೇವ ತಾಳುವ ಹಸಿರು ಕಾಗದದ ಬೋರ್ಡ್ ಬೇರೆಯೇ ಸಿಗುತ್ತದೆ. ಅದು ತೇವ ತಾಳುತ್ತದೆಯೇ ಹೊರತು ಸೋರುವ ನೀರನ್ನಲ್ಲ.

ಮೆತ್ತಗಾದ ಭಾಗವನ್ನು ಇಡೀ ಸೀಲಿಂಗ್ ಕೆಡವದೆ ಬದಲಿಸಬಹುದು. ಹಾಳಾದ ಜಾಗದ ಎರಡೂ ಬದಿಯ ಸೆಕ್ಷನ್‌ಗಳ ನಡುಗೆರೆಯವರೆಗೆ ಚೌಕವಾಗಿ ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ತುಂಡನ್ನು ಆ ಸೆಕ್ಷನ್‌ಗಳಿಗೇ ಸ್ಕ್ರೂ ಮಾಡಿ, ಸಂದಿಗೆ ಟೇಪು ಹಾಕಿದರೆ ಆಯಿತು. ನಮ್ಮ ಲೆಕ್ಕದಲ್ಲಿ ಉಳಿದ 3×4 ಅಡಿಯ ತುಂಡು ಇಂಥದ್ದಕ್ಕೆ ಸರಿಯಾಗಿ ಒದಗುತ್ತದೆ. ಕೆಲಸದವರು ಹೋಗುವಾಗ ಅದನ್ನು ಕಸದ ಜತೆ ಕಳಿಸದೆ ಇಟ್ಟುಕೊಳ್ಳಬೇಕು. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಬಾಗುತ್ತದೆ. ಅಟ್ಟದ ಮೇಲೆ ಅಥವಾ ಮಂಚದ ಕೆಳಗೆ, ಒಣ ಜಾಗದಲ್ಲಿ, ಮಟ್ಟಸವಾಗಿ ಮಲಗಿಸಿಡಬೇಕು.